15 ಸಾವಿರದ ಮೊಬೈಲು: ಯಾವುದನ್ನು ಬಿಡೋದು, ಯಾವುದನ್ನು ಹಿಡಿಯೋದು?

ರಾತ್ರಿ ಹತ್ತು ಗಂಟೆ. ಮಗುವಿಗೆ ಜ್ವರ. ನನ್ನ ಓರಗಿತ್ತಿ ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಓಡಿದ್ದಾಳೆ. ಸಿರಪ್ ತೆಗೆದುಕೊಂಡು ಹಣ ಕೊಡೋಣ ಅಂತ ಮೊಬೈಲ್ ತೆಗೆದರೆ ಯುಪಿಐ ಆ್ಯಪ್ ತೆರೆದುಕೊಳ್ಳುತ್ತಲೇ ಇಲ್ಲ. ಬಿಳಿ ಪರದೆ, ಮಧ್ಯದಲ್ಲಿ ಗಿರಗಿರ ತಿರುಗುವ ಚಕ್ರ. ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. ಪರ್ಸ್ ಮನೆಯಲ್ಲೇ ಉಳಿದಿದೆ. ಕೊನೆಗೆ ಅಂಗಡಿಯವರೇ ‘ನಾಳೆ ಕೊಡಿ ಬಿಡಮ್ಮ’ ಅಂದರಂತೆ. ಮನೆಗೆ ಬಂದವಳು ಸಿಟ್ಟು ತಾಳಲಾರದೆ ನನಗೆ ಫೋನ್ ಮಾಡಿದಳು. ‘ಅಕ್ಕಾ, 108 ಮೆಗಾಪಿಕ್ಸೆಲ್ ಕ್ಯಾಮೆರಾ ಅಂತ ತಗೊಂಡೆ. ಮಗುವಿನ ಔಷಧಿಗೆ ಆಗಲಿಲ್ಲ ನೋಡಿ ಇದು!’

ನಿಮಗೂ ಇಂಥದ್ದು ಆಗಿರಬಹುದು, ಅಲ್ವಾ? ಮೊಬೈಲ್ ಕೊಳ್ಳುವಾಗ ನಮ್ಮ ಕೈಯಲ್ಲಿರೋದು ಒಂದು ಲೆಕ್ಕದ ದುಡ್ಡು. ಚೀಟಿ ಎತ್ತಿದ್ದೋ, ತಿಂಗಳ ಖರ್ಚಿನಲ್ಲಿ ಉಳಿಸಿದ್ದೋ, ಯಜಮಾನರು ಕೊಟ್ಟಿದ್ದೋ, ಅದರ ಮೇಲೆ ಐನೂರು ರೂಪಾಯಿ ಕೂಡ ಹುಟ್ಟುವುದಿಲ್ಲ. ಅಷ್ಟರಲ್ಲಿ ಪ್ರೊಸೆಸರ್, ಕ್ಯಾಮೆರಾ, ಬ್ಯಾಟರಿ ಮೂರೂ ಚೆನ್ನಾಗಿರೋದು ಸಿಗಲ್ಲ. ಏನಾದರೂ ಒಂದನ್ನು ಬಿಡಲೇಬೇಕು. ಪ್ರಶ್ನೆ ಇರೋದು ಯಾವುದನ್ನು ಬಿಡಬೇಕು ಅನ್ನೋದರಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲು ಬಿಡಬೇಕಾದ್ದು ಕ್ಯಾಮೆರಾದ ದೊಡ್ಡ ಅಂಕಿಯನ್ನು. ಆಮೇಲೆ ಬ್ಯಾಟರಿಯ ದೊಡ್ಡ ಅಂಕಿಯನ್ನು. ಪ್ರೊಸೆಸರನ್ನು ಮಾತ್ರ ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಬೇಡಿ. ನಾವು ಅಂಗಡಿಯಲ್ಲಿ ಸಾಮಾನ್ಯವಾಗಿ ಮಾಡೋದು ಇದರ ತಿರುವು ಮುರುವು. ಯಾಕೆಂದರೆ ಕ್ಯಾಮೆರಾ, ಬ್ಯಾಟರಿಗಳ ಅಂಕಿ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಪ್ರೊಸೆಸರ್ ಹೆಸರು ಎಲ್ಲೋ ಮೂಲೆಯಲ್ಲಿ, ಅರ್ಥವಾಗದ ಭಾಷೆಯಲ್ಲಿ.

ಒಲೆ ಯಾವುದು, ಸಿಲಿಂಡರ್ ಯಾವುದು?

ಅಡುಗೆಮನೆಯ ಲೆಕ್ಕದಲ್ಲೇ ನೋಡೋಣ. ಪ್ರೊಸೆಸರ್ ಅಂದರೆ ಒಲೆ. ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಕಟ್ಟೆ ದೊಡ್ಡದಿದ್ದರೆ ನಾಲ್ಕು ಪಾತ್ರೆ ಒಟ್ಟಿಗೆ ಹರವಿಕೊಳ್ಳಬಹುದು. ಸ್ಟೋರೇಜ್ ಅಂದರೆ ಡಬ್ಬಿಗಳನ್ನು ಇಡುವ ಕಪಾಟು. ಬ್ಯಾಟರಿ ಅಂದರೆ ಗ್ಯಾಸ್ ಸಿಲಿಂಡರ್.

ಸಿಲಿಂಡರ್ ಖಾಲಿಯಾದರೆ ಬೇರೆ ಹಾಕಿಸಬಹುದು. ಮೊಬೈಲ್ ಬ್ಯಾಟರಿಯೂ ಹಾಗೇ. ಈಗಿನ ಮೊಬೈಲುಗಳ ಬೆನ್ನನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಮನೆಯಲ್ಲಿ ಬಿಚ್ಚುವಂತಿಲ್ಲ. ಆದರೆ ಸರ್ವಿಸ್ ಸೆಂಟರಿನಲ್ಲಿ ಬದಲಾಯಿಸಿ ಕೊಡುತ್ತಾರೆ. ಪ್ರೊಸೆಸರ್, ರ‍್ಯಾಮ್, ಸ್ಟೋರೇಜ್ ಮೂರೂ ಹಾಗಲ್ಲ. ಅವನ್ನು ಒಳಗಿನ ಬೋರ್ಡಿಗೇ ಬೆಸೆದಿರುತ್ತಾರೆ. ‘ಸ್ವಲ್ಪ ರ‍್ಯಾಮ್ ಜಾಸ್ತಿ ಮಾಡಿ ಕೊಡಿ’ ಅಂತ ಯಾವ ಅಂಗಡಿಯಲ್ಲೂ ಕೇಳುವ ಹಾಗಿಲ್ಲ. ಬೋರ್ಡನ್ನೇ ಬದಲಾಯಿಸುವ ಖರ್ಚಿನಲ್ಲಿ ಇನ್ನಷ್ಟು ಸೇರಿಸಿದರೆ ಹೊಸ ಮೊಬೈಲೇ ಬರುತ್ತದೆ. ಕೊಂಡ ದಿನ ಹೇಗಿತ್ತೋ, ಕೊನೆಯವರೆಗೂ ಅದೇ ಒಲೆ.

ಇನ್ನೂ ಒಂದು ವಿಷಯವಿದೆ. ಒಲೆ ಹಳೆಯದಾದರೆ ಗ್ಯಾಸ್ ಜಾಸ್ತಿ ಕುಡಿಯುತ್ತದೆ. ಮೊಬೈಲಿನಲ್ಲೂ ಹಾಗೇ ಆಗುತ್ತದೆ. ಪ್ರೊಸೆಸರ್ ಪಟ್ಟಿಯಲ್ಲಿ ‘12 ನ್ಯಾನೋಮೀಟರ್’, ‘6 ನ್ಯಾನೋಮೀಟರ್’, ‘4 ನ್ಯಾನೋಮೀಟರ್’ ಅಂತ ಬರೆದಿರುತ್ತಾರೆ. ಆ ಚಿಪ್ಪನ್ನು ಎಷ್ಟು ನವಿರಾದ ವಿಧಾನದಲ್ಲಿ ತಯಾರಿಸಿದ್ದಾರೆ ಅನ್ನುವುದರ ಗುರುತು ಅದು. ಸಾಮಾನ್ಯವಾಗಿ ಅಂಕಿ ಚಿಕ್ಕದಾದಷ್ಟೂ ಅದೇ ಕೆಲಸಕ್ಕೆ ಕಡಿಮೆ ಕರೆಂಟ್ ಸಾಕು, ಬಿಸಿಯೂ ಕಡಿಮೆ. ಹಾಗಾಗಿ ಒಳ್ಳೆಯ ಪ್ರೊಸೆಸರಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಬ್ಯಾಟರಿಗೇ ಹೋಗಿ ಸೇರುತ್ತದೆ.

ಎಂಟು ಒಲೆಯ ಮೋಸ

‘ಮೇಡಂ, ಆಕ್ಟಾ ಕೋರ್, ಎಂಟು ಕೋರ್ ಇದೆ’ ಅಂತ ಅಂಗಡಿಯ ಹುಡುಗ ಹೇಳುತ್ತಾನೆ. ಎಂಟು ಅಂದ ತಕ್ಷಣ ನಮಗೆ ಖುಷಿ. ಆದರೆ ಎಂಟೂ ಸಣ್ಣ ಬರ್ನರ್ ಆದರೆ ಏನು ಪ್ರಯೋಜನ? ಕಾಫಿ ಕಾಯಿಸಬಹುದು, ಹತ್ತು ಜನಕ್ಕೆ ಅನ್ನ ಬೇಯಿಸೋಕೆ ಆಗಲ್ಲ.

ಕೋರ್‌ಗಳಲ್ಲಿ ಸಣ್ಣವು, ದೊಡ್ಡವು ಅಂತ ಇವೆ. ಕಾರ್ಟೆಕ್ಸ್ ಎ53, ಎ55 ಅನ್ನುವವು ಸಣ್ಣವು. ಎ76, ಎ78 ಅನ್ನುವವು ದೊಡ್ಡವು. ಹೀಲಿಯೊ ಜಿ35 ಅನ್ನುವ ಚಿಪ್ಪಿನಲ್ಲಿ ಎಂಟೂ ಎ53ಗಳೇ. ಡೈಮೆನ್ಸಿಟಿ 6300ರಲ್ಲಿ ಎರಡು ಎ76, ಆರು ಎ55 ಇವೆ, ತಯಾರಾಗಿರೋದು 6 ನ್ಯಾನೋಮೀಟರಿನಲ್ಲಿ. ಸ್ನ್ಯಾಪ್‌ಡ್ರಾಗನ್ 4 ಜೆನ್ 2ರಲ್ಲಿ ಎರಡು ಎ78, ಆರು ಎ55, 4 ನ್ಯಾನೋಮೀಟರು. ಮೂರನ್ನೂ ‘ಎಂಟು ಕೋರ್’ ಅಂತಲೇ ಮಾರುತ್ತಾರೆ. ಕೈಗೆ ಬಂದಾಗ ಮಾತ್ರ ಮೊದಲನೆಯದಕ್ಕೂ ಉಳಿದೆರಡಕ್ಕೂ ಅಜಗಜಾಂತರ. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ‘ದೊಡ್ಡ ಕೋರ್ ಎಷ್ಟಿದೆ? ಎಷ್ಟು ನ್ಯಾನೋಮೀಟರು?’ ಎರಡೇ ಪ್ರಶ್ನೆ ಕೇಳಿ. ಎರಡಾದರೂ ದೊಡ್ಡ ಕೋರ್ ಇರಲಿ, 6 ಅಥವಾ ಅದಕ್ಕಿಂತ ಕಡಿಮೆ ನ್ಯಾನೋಮೀಟರ್ ಇರಲಿ. ನಾನು ಹೇಳಿದ ‘ಮಟ್ಟ’ ಇದೇ.

ಅದಕ್ಕಿಂತ ಮೇಲೆ ಹೋಗುವುದೂ ದುಂದು. ಆಟ ಆಡುವ ಹುಡುಗರಿಗೆ ಬೇಕಾದ ಚಿಪ್ಪು ನಮಗೆ ಬೇಡ. ವಾಟ್ಸ್‌ಆ್ಯಪ್, ಯುಪಿಐ, ಶಾಲೆಯ ಆ್ಯಪ್, ಯೂಟ್ಯೂಬ್, ತವರಿಗೆ ವಿಡಿಯೊ ಕಾಲ್ ಇಷ್ಟಕ್ಕೆ ಮೇಲೆ ಹೇಳಿದ್ದು ಧಾರಾಳ. ಮಟ್ಟ ಮುಟ್ಟಿದ ಮೇಲೆ ದುಡ್ಡು ಉಳಿದರೆ ಆಗ ಕ್ಯಾಮೆರಾ ಕಡೆ ನೋಡಿ.

ಒಲೆಯ ಜೊತೆಗೆ ಕಟ್ಟೆಯನ್ನೂ ನೋಡಬೇಕು. ‘8 ಜಿಬಿ ರ‍್ಯಾಮ್’ ಅಂತ ದಪ್ಪಗೆ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ‘4 ಪ್ಲಸ್ 4’ ಅಂತ ಹಾಕಿರುತ್ತಾರೆ. ಅದರಲ್ಲಿ ನಿಜವಾದ ರ‍್ಯಾಮ್ 4 ಮಾತ್ರ. ಉಳಿದ 4 ಜಿಬಿಯನ್ನು ಸ್ಟೋರೇಜಿನಿಂದ ಎರವಲು ತೆಗೆದಿರುತ್ತಾರೆ. ಕಟ್ಟೆ ಸಾಲದೆ ಕಪಾಟಿನ ಒಂದು ಅರೆಯನ್ನು ಕಟ್ಟೆ ಮಾಡಿಕೊಂಡ ಹಾಗೆ. ಅಲ್ಲಿಂದ ಇಲ್ಲಿಗೆ ಪಾತ್ರೆ ಎತ್ತಿಡೋದರಲ್ಲೇ ಹೊತ್ತು ಹೋಗುತ್ತದೆ. ‘ಎಕ್ಸ್‌ಟೆಂಡೆಡ್’, ‘ವರ್ಚುವಲ್’ ಅಂದರೆಲ್ಲ ಇದೇ. ನಿಜವಾದ 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಇರಲಿ ಅನ್ನುವುದು ನನ್ನ ಸಲಹೆ. ಆ ಸ್ಟೋರೇಜ್ ‘ಇಎಂಎಂಸಿ’ ಆಗಿದ್ದರೆ ನಿಧಾನ, ‘ಯುಎಫ್‌ಎಸ್’ ಆಗಿದ್ದರೆ ಚುರುಕು. ಇದನ್ನೂ ಒಮ್ಮೆ ಕೇಳಿಬಿಡಿ.

108 ಮೆಗಾಪಿಕ್ಸೆಲ್ ಎಲ್ಲಿಗೆ ಹೋಗುತ್ತದೆ?

ಈಗ ಕ್ಯಾಮೆರಾಕ್ಕೆ ಬರೋಣ. 108 ಮೆಗಾಪಿಕ್ಸೆಲ್ ಅಂದರೆ ಹತ್ತು ಕೋಟಿ ಎಂಬತ್ತು ಲಕ್ಷ ಚುಕ್ಕಿ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಮಾಮೂಲಿ ಫೋಟೊ ತೆಗೆದಾಗ ಆ ಕ್ಯಾಮೆರಾ ಒಂಬತ್ತು ಚುಕ್ಕಿಯನ್ನು ಕೂಡಿಸಿ ಒಂದು ಮಾಡುತ್ತದೆ. ನಿಮ್ಮ ಗ್ಯಾಲರಿಗೆ ಬರೋದು 12 ಮೆಗಾಪಿಕ್ಸೆಲ್ ಫೋಟೊ. 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ಚುಕ್ಕಿಯನ್ನು ಒಂದು ಮಾಡುತ್ತದೆ. ಅದರಲ್ಲೂ ಬರೋದು ಹನ್ನೆರಡೂವರೆ! ಚುಕ್ಕಿ ತೀರಾ ಚಿಕ್ಕದಾದರೆ ಅದಕ್ಕೆ ಬೀಳುವ ಬೆಳಕೂ ಕಡಿಮೆ, ಅದಕ್ಕೇ ಈ ಕೂಡಿಸುವ ಉಪಾಯ.

ಆ ಫೋಟೊವನ್ನು ನಾವು ಏನು ಮಾಡುತ್ತೇವೆ? ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಅಲ್ಲಿ ಮಾಮೂಲಾಗಿ ಕಳಿಸಿದರೆ ಫೋಟೊವನ್ನು ಕುಗ್ಗಿಸಿಯೇ ಕಳಿಸುತ್ತದೆ. ಉಳಿಯೋದು ಸುಮಾರು ಇಪ್ಪತ್ತು ಲಕ್ಷ ಚುಕ್ಕಿ, ಅಂದರೆ 2 ಮೆಗಾಪಿಕ್ಸೆಲ್. ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಚ್‌ಡಿ ಆಯ್ಕೆ 2023ರಲ್ಲಿ ಬಂತು. ಆದರೆ ಅದನ್ನು ಪ್ರತಿಸಲ ಒತ್ತುವವರು ನಮ್ಮಲ್ಲಿ ಎಷ್ಟು ಮಂದಿ? ಆಲ್ಬಮ್ಮಿಗೆ ಹಾಕುವ 4x6 ಇಂಚಿನ ಪ್ರಿಂಟಿಗೂ 2 ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. ಎ4 ಹಾಳೆಯಷ್ಟು ದೊಡ್ಡದಾಗಿ ಹಾಕಿಸಿ ಗೋಡೆಗೆ ತಗುಲಿಹಾಕಿದರೂ 9 ಮೆಗಾಪಿಕ್ಸೆಲ್ ಸಾಕು. ಹಾಗಾದರೆ 108ಕ್ಕೆ ದುಡ್ಡು ಕೊಟ್ಟು ನಾವು ಪಡೆದದ್ದೇನು?

ಬೆನ್ನ ಮೇಲೆ ಮೂರು ಕಣ್ಣು ಇರುವ ಮೊಬೈಲುಗಳದ್ದೂ ಇದೇ ಕಥೆ. ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಆ ಹೆಚ್ಚಿನ ಕಣ್ಣುಗಳು ‘ಮ್ಯಾಕ್ರೊ’, ‘ಡೆಪ್ತ್’ ಅನ್ನುವ 2 ಮೆಗಾಪಿಕ್ಸೆಲ್ ಲೆನ್ಸುಗಳು. ಹೆಚ್ಚಿನಂಶ ಅವು ಸಂಖ್ಯೆಗಷ್ಟೇ. ಅವಿಲ್ಲದಿದ್ದರೂ ನಿಮಗೆ ನಷ್ಟವಿಲ್ಲ. ದೊಡ್ಡ ಗುಂಪನ್ನು ಒಂದೇ ಚೌಕಟ್ಟಿಗೆ ತರುವ ‘ಅಲ್ಟ್ರಾ ವೈಡ್’ ಒಂದು ಉಪಯೋಗದ ಲೆನ್ಸು. ಆದರೆ ನಾಲ್ಕು ಹೆಜ್ಜೆ ಹಿಂದೆ ಹೋದರೆ ಅದಿಲ್ಲದೆಯೂ ನಡೆಯುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಲೆನ್ಸು ಹಿಡಿದ ಬೆಳಕನ್ನು ಫೋಟೊ ಮಾಡುವುದು ಪ್ರೊಸೆಸರ್. ಬಣ್ಣ ತಿದ್ದೋದು, ಕಾಳುಕಾಳು ತೆಗೆಯೋದು, ಬಿಸಿಲು ನೆರಳನ್ನು ಹೊಂದಿಸೋದು ಎಲ್ಲಾ ಅದರದ್ದೇ ಕೆಲಸ. ದೊಡ್ಡ ಕ್ಯಾಮೆರಾಕ್ಕೆ ಸಣ್ಣ ಪ್ರೊಸೆಸರ್ ಕಟ್ಟಿದರೆ ಬಟನ್ ಒತ್ತಿ ಎರಡು ಮೂರು ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಮಗು ನಗೋದು ನಿಲ್ಲಿಸಿ ಎದ್ದು ಹೋಗಿರುತ್ತದೆ!

ನನ್ನ ಓರಗಿತ್ತಿಯ ಮೊಬೈಲಿಗೆ ಏನಾಗಿತ್ತು ಗೊತ್ತೇ? ಮಾರನೇ ದಿನ ಅವಳ ಮನೆಗೆ ಹೋಗಿ ನೋಡಿದೆ. ಮೊದಲು ನೆಟ್‌ವರ್ಕಿನ ಅನುಮಾನ ಕಳೆದುಕೊಂಡೆವು. ಅವಳದೂ ನನ್ನದೂ ಒಂದೇ ಕಂಪನಿಯ ಸಿಮ್. ಅದೇ ಜಾಗದಲ್ಲಿ ನಿಂತು ಇಬ್ಬರೂ ಅದೇ ಆ್ಯಪ್ ತೆರೆದೆವು. ನನ್ನದು ತಕ್ಷಣ ತೆರೆಯಿತು, ಅವಳದು ಸುತ್ತುತ್ತಲೇ ಇತ್ತು. ಅಂದರೆ ತೊಂದರೆ ಮೊಬೈಲಿನದೇ. ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ನೋಡಿದರೆ 64 ಜಿಬಿಯಲ್ಲಿ ಉಳಿದದ್ದು ಒಂದು ಜಿಬಿಗಿಂತ ಕಡಿಮೆ. ಅವಳ ಮಗ ಕ್ಯಾಮೆರಾವನ್ನು ಪೂರ್ತಿ 108ರ ಮೋಡಿಗೆ ಹಾಕಿಬಿಟ್ಟಿದ್ದ. ಒಂದೊಂದು ಫೋಟೊವೂ 20-30 ಎಂಬಿ ತಿಂದಿತ್ತು! ಸ್ಟೋರೇಜ್ ಹೀಗೆ ಭರ್ತಿಯಾದರೆ ಯಾವ ಮೊಬೈಲೂ ತೆವಳುತ್ತದೆ. ನೂರಾರು ಫೋಟೊ, ವಿಡಿಯೊ ಅಳಿಸಿ 15 ಜಿಬಿ ಖಾಲಿ ಮಾಡಿದೆವು. ಸ್ವಲ್ಪ ಚುರುಕಾಯಿತು, ಪೂರ್ತಿ ಅಲ್ಲ. 12 ನ್ಯಾನೋಮೀಟರಿನ ಹಳೆಯ ಚಿಪ್ಪು, 4 ಜಿಬಿ ರ‍್ಯಾಮು. ಒಲೆಯೇ ಅಷ್ಟು. 2023ರಲ್ಲಿ ಕೊಂಡದ್ದು ಮೂರು ವರ್ಷವೂ ಸರಿಯಾಗಿ ಬಾಳಲಿಲ್ಲ.

ಬ್ಯಾಟರಿ: ಎಷ್ಟು ದೊಡ್ಡದು ಬೇಕು?

ಬ್ಯಾಟರಿ ಮುಖ್ಯ, ನಿಜ. ಆದರೆ ಈ ಬೆಲೆಯ ಮೊಬೈಲುಗಳಲ್ಲಿ 5,000 ಎಂಎಎಚ್ ಬ್ಯಾಟರಿ ಮಾಮೂಲಾಗಿ ಬಂದೇ ಬರುತ್ತದೆ. ದಿನವೆಲ್ಲ ಮನೆ, ಮಾರ್ಕೆಟ್ಟು, ಶಾಲೆಯ ಗೇಟು ಅಂತ ಓಡಾಡುವವರಿಗೆ ಅದು ಬೆಳಗ್ಗೆಯಿಂದ ರಾತ್ರಿಯವರೆಗೆ ಸಾಕು. 6,000, 7,000 ಅಂತ ಬರೆದದ್ದಕ್ಕಾಗಿ ಪ್ರೊಸೆಸರನ್ನು ಬಿಟ್ಟುಕೊಡಬೇಡಿ. ಹೊರಗಡೆ ಚಾರ್ಜ್ ಮಾಡಲು ಅವಕಾಶವಿಲ್ಲದೆ ದಿನಗಟ್ಟಲೆ ಓಡಾಡುವವರಿಗೆ ಆ ಅಂಕಿ ಬೇಕು. ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕದಲ್ಲೇ ಪ್ಲಗ್ ಇರುವ ನಮಗೆ ಯಾಕೆ?

ಬೇಗ ಚಾರ್ಜ್ ಆಗುವ ಸೌಲಭ್ಯವನ್ನೂ ಬಿಡಬಹುದು. 18 ವ್ಯಾಟ್ ಚಾರ್ಜರಿನಲ್ಲಿ ಎರಡು ಗಂಟೆ ಅಥವಾ ಸ್ವಲ್ಪ ಹೆಚ್ಚು ಹಿಡಿಯುತ್ತದೆ. 33 ವ್ಯಾಟಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಮಧ್ಯಾಹ್ನ ಊಟ ಮುಗಿಸಿ ಧಾರಾವಾಹಿ ನೋಡುವಾಗ ಹಾಕಿಟ್ಟರೆ ಎರಡಕ್ಕೂ ಏನು ವ್ಯತ್ಯಾಸ? ಡಬ್ಬಿಯಲ್ಲಿ ಚಾರ್ಜರ್ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಕೇಳಿ. ಕೆಲವು ಕಂಪನಿಯವರು ಬರೀ ವೈರು ಕೊಡುತ್ತಾರೆ. ಆಮೇಲೆ ಚಾರ್ಜರಿಗೆ ಬೇರೆ ದುಡ್ಡು ಸುರಿಯಬೇಕು, ಅದೂ ನಿಮ್ಮ ಬಜೆಟ್ಟಿನಿಂದಲೇ.

ಬ್ಯಾಟರಿಗೆ ಆಯಸ್ಸು ಇದೆ ಅನ್ನುವುದೂ ನೆನಪಿರಲಿ. ಮೊಬೈಲ್ ಬ್ಯಾಟರಿ ಸುಮಾರು 500ರಿಂದ 1,000 ಸಲ ಪೂರ್ತಿ ಚಾರ್ಜ್ ಆಗಿ ಇಳಿದ ಮೇಲೆ ಅದರ ಶಕ್ತಿ ನೂರಕ್ಕೆ ಎಂಬತ್ತಕ್ಕೆ ಬರುತ್ತದೆ. ದಿನಕ್ಕೊಂದು ಪೂರ್ತಿ ಚಾರ್ಜ್ ಅಂದರೆ ವರ್ಷಕ್ಕೆ 365. ಎರಡು ವರ್ಷ ದಾಟುವಾಗ ನಿಮ್ಮ 5,000 ಎಂಎಎಚ್ 4,000ಕ್ಕೆ ಇಳಿದಿರಬಹುದು. 7,000 ಇದ್ದರೂ ಇಳಿಯೋದು ಇಳಿಯುತ್ತದೆ. ನೂರಕ್ಕೆ 20ಕ್ಕಿಂತ ಕೆಳಗೆ ಹೋಗದಂತೆ, 80ರ ಆಸುಪಾಸಿನಲ್ಲಿ ಪ್ಲಗ್ ತೆಗೆಯುವಂತೆ ಅಭ್ಯಾಸ ಮಾಡಿಕೊಂಡರೆ ಇನ್ನಷ್ಟು ದಿನ ಬಾಳುತ್ತದೆ. ಒಲೆಯ ಪಕ್ಕದ ಕಟ್ಟೆ ಮೇಲೆ ಇಟ್ಟು ಚಾರ್ಜ್ ಮಾಡೋದು ಬೇಡ, ಬಿಸಿ ಅದಕ್ಕೆ ಶತ್ರು.

ಹೊಸದರಲ್ಲಿ ರಾತ್ರಿವರೆಗೆ ಬರುತ್ತಿದ್ದದ್ದು ಈಗ ಸಂಜೆ ನಾಲ್ಕಕ್ಕೇ ಸೊನ್ನೆ ಆಗುತ್ತಿದೆಯೇ? ನೂರಕ್ಕೆ 30 ತೋರಿಸುತ್ತಾ ಫಕ್ಕನೆ ಆರಿಹೋಗುತ್ತದೆಯೇ? ಹಾಗಾದರೆ ಹೊಸ ಮೊಬೈಲ್ ಬೇಡ, ಬ್ಯಾಟರಿ ಬದಲಾಯಿಸಿ. ಕಳೆದ ವರ್ಷ ನನ್ನ ಮೊಬೈಲಿಗೆ ಸರ್ವಿಸ್ ಸೆಂಟರಿನಲ್ಲಿ 1,400 ರೂಪಾಯಿ ಆಯಿತು. ಆದರೆ ಮೊಬೈಲಿನ ಬೆನ್ನು ಉಬ್ಬಿ ಮೇಲೆದ್ದಿದ್ದರೆ, ಇಲ್ಲವೇ ಪರದೆಯ ಅಂಚು ಬಿಟ್ಟುಕೊಂಡಿದ್ದರೆ ಅದು ಅಪಾಯದ ಸೂಚನೆ. ಆ ಕ್ಷಣವೇ ಚಾರ್ಜ್ ಮಾಡೋದು ನಿಲ್ಲಿಸಿ, ಒತ್ತಿ ಸರಿಮಾಡಲು ಹೋಗದೆ ನೇರ ಸರ್ವಿಸ್ ಸೆಂಟರಿಗೆ ಕೊಡಿ.

ಕೌಂಟರಿನ ಮೇಲೆ ಮೂರು ಮೊಬೈಲು

ಓರಗಿತ್ತಿಯ ಚೀಟಿ ದುಡ್ಡು 15 ಸಾವಿರ ಬಂತು. ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಮೂರು ಮೊಬೈಲ್ ತೆಗೆದಿಟ್ಟ, ಮೂರೂ 15 ಸಾವಿರದ ಒಳಗೇ.

ಮೊದಲನೆಯದು 108 ಮೆಗಾಪಿಕ್ಸೆಲ್, ಬೆನ್ನಲ್ಲಿ ಮೂರು ಕಣ್ಣು, ಫಳಫಳ ಹೊಳೆಯುವ ನೀಲಿ ಬಣ್ಣ. ಕೆದಕಿ ಕೇಳಿದಾಗ 12 ನ್ಯಾನೋಮೀಟರಿನ ಚಿಪ್ಪು, ‘4 ಪ್ಲಸ್ 4’ ರ‍್ಯಾಮ್. ಎರಡನೆಯದು 50 ಮೆಗಾಪಿಕ್ಸೆಲ್, ಪ್ಲಾಸ್ಟಿಕ್ ಬೆನ್ನು, ನೋಡೋಕೆ ಸಾದಾ. ಒಳಗೆ 6 ನ್ಯಾನೋಮೀಟರಿನ ಚಿಪ್ಪು, ಎರಡು ದೊಡ್ಡ ಕೋರ್, ನಿಜವಾದ 6 ಜಿಬಿ ರ‍್ಯಾಮ್, 128 ಜಿಬಿ ಯುಎಫ್‌ಎಸ್ ಸ್ಟೋರೇಜ್, 5,000 ಎಂಎಎಚ್, 18 ವ್ಯಾಟ್ ಚಾರ್ಜಿಂಗ್. ಮೂರನೆಯದು 6,000 ಎಂಎಎಚ್ ಬ್ಯಾಟರಿ, 4 ಜಿಬಿ ರ‍್ಯಾಮ್, ಹಳೆಯ ಚಿಪ್ಪು. ಕೈಯಲ್ಲಿ ಹಿಡಿದರೆ ಇಟ್ಟಿಗೆಯ ಹಾಗೆ.

ಅವಳ ಕೈ ಹೋದದ್ದು ನೀಲಿ ಬಣ್ಣದ ಮೇಲೆ. ‘ತಡಿ, ಒಂದು ಪರೀಕ್ಷೆ ಮಾಡೋಣ’ ಅಂದೆ. ಅಂಗಡಿಯ ಡೆಮೊ ಮೊಬೈಲಿನಲ್ಲಿ ನೀವೂ ಇದನ್ನು ಮಾಡಬಹುದು, ಐದು ನಿಮಿಷದ ಕೆಲಸ. ಬ್ರೌಸರಿನಲ್ಲಿ ಒಂದು ಪುಟ ತೆರೆದು ಅರ್ಧದವರೆಗೆ ಸರಿಸಿ ಬಿಡಿ. ಆಮೇಲೆ ಯೂಟ್ಯೂಬ್, ಮ್ಯಾಪ್, ಕ್ಯಾಮೆರಾ, ಗ್ಯಾಲರಿ, ಪ್ಲೇ ಸ್ಟೋರ್ ಒಂದಾದ ಮೇಲೊಂದು ತೆರೆಯಿರಿ. ಈಗ ವಾಪಸು ಬ್ರೌಸರಿಗೆ ಬನ್ನಿ. ಪುಟ ಬಿಟ್ಟಲ್ಲೇ ಇದ್ದರೆ ಕಟ್ಟೆ ದೊಡ್ಡದಿದೆ ಅಂತ ಅರ್ಥ. ಮತ್ತೆ ಮೊದಲಿನಿಂದ ಲೋಡ್ ಆಗತೊಡಗಿದರೆ ಕಟ್ಟೆ ಸಾಲದು. ಯುಪಿಐ ಕಟ್ಟುವಾಗ ಬ್ಯಾಂಕಿನ ಮೆಸೇಜ್ ನೋಡಿಕೊಂಡು ಬರುವಷ್ಟರಲ್ಲಿ ಪುಟವೇ ಮಾಯವಾಗುವ ಮೊಬೈಲು ಇಂಥದ್ದೇ.

ಎರಡನೇ ಪರೀಕ್ಷೆ ಕ್ಯಾಮೆರಾದ್ದು. ಅಂಗಡಿಯ ಝಗಮಗ ಬೆಳಕಿನಲ್ಲಿ ಎಲ್ಲ ಮೊಬೈಲಿನ ಫೋಟೊವೂ ಚೆಂದ. ಕೌಂಟರಿನ ಕೆಳಗಿನ ಕತ್ತಲೆ ಮೂಲೆಯತ್ತ ಹಿಡಿದು ಒಂದು ಫೋಟೊ ತೆಗೆಯಿರಿ, ಕೈ ಆಡಿಸುತ್ತಿರುವ ಗೆಳತಿಯದ್ದು ಒಂದು ತೆಗೆಯಿರಿ. ಬಟನ್ ಒತ್ತಿದ್ದಕ್ಕೂ ಫೋಟೊ ಬಂದದ್ದಕ್ಕೂ ಎಷ್ಟು ಹೊತ್ತು ಅಂತ ನೋಡಿ. ನಮ್ಮ ಪರೀಕ್ಷೆಯಲ್ಲಿ ಕತ್ತಲೆ ಮೂಲೆಯ ಫೋಟೊ ನೀಲಿಯದ್ದೇ ಸ್ವಲ್ಪ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಬರುವಷ್ಟರಲ್ಲಿ ಸಾದಾ ಮೊಬೈಲಿನಲ್ಲಿ ಮೂರು ಫೋಟೊ ತೆಗೆದಾಗಿತ್ತು. ಆಡುವ ಕೈ ನೀಲಿಯಲ್ಲಿ ಕಲಸಿಹೋಗಿತ್ತು, ಸಾದಾದರಲ್ಲಿ ಬೆರಳು ಎಣಿಸಬಹುದಿತ್ತು.

ಮೂರನೆಯದಾಗಿ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ ಕೇಳಿದೆವು. ನಮ್ಮ ಬ್ಯಾಂಕು ಮೊಬೈಲಿನಲ್ಲೇ ಇರುವಾಗ ಇದು ಬಾಗಿಲಿನ ಬೀಗ ಇದ್ದ ಹಾಗೆ. ಸಾದಾ ಮೊಬೈಲಿಗೆ ನಾಲ್ಕು ವರ್ಷ ಅಂತ ಕಂಪನಿಯ ಪುಟದಲ್ಲೇ ಬರೆದಿತ್ತು. ನೀಲಿಯದ್ದಕ್ಕೆ ಎರಡು.

ಕೊನೆಗೆ ಓರಗಿತ್ತಿ ಸಾದಾ ಮೊಬೈಲನ್ನೇ ಕೊಂಡಳು. ‘ಬಣ್ಣ ಚೆನ್ನಾಗಿಲ್ಲ ಅಕ್ಕಾ’ ಅಂತ ಬೇಜಾರು ಪಟ್ಟುಕೊಂಡಳು. ಇನ್ನೂರು ರೂಪಾಯಿಯ ಕವರ್ ಹಾಕಿಸಿದೆವು, ಬಣ್ಣದ ಕಥೆ ಅಲ್ಲಿಗೆ ಮುಗಿಯಿತು. ಬಿಟ್ಟುಕೊಟ್ಟದ್ದಕ್ಕೆ ಬೆಲೆ ತೆರಲಿಲ್ಲ ಅಂತಲ್ಲ. ದೀಪಾವಳಿ ರಾತ್ರಿ ಅವಳು ತೆಗೆದ ಹಣತೆ ಸಾಲಿನ ಫೋಟೊ ಕಾಳುಕಾಳಾಗಿ ಬಂತು. ಮಗಳ ಡ್ಯಾನ್ಸ್ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಿಂದ ಜೂಮ್ ಮಾಡಿದರೆ ಮುಖ ಸ್ಪಷ್ಟ ಬರಲಿಲ್ಲ. ಆ ಎರಡು ದಿನ ಅವಳು ಗೊಣಗಿದ್ದು ನಿಜ. ಉಳಿದ ದಿನಗಳಲ್ಲಿ ಮಾರ್ಕೆಟ್ಟಿನಲ್ಲಿ ಯಾರ ಮುಂದೆಯೂ ಮುಖ ಸಣ್ಣ ಮಾಡಿಕೊಂಡು ನಿಲ್ಲಲಿಲ್ಲ.

ನಿಮ್ಮ ಲೆಕ್ಕ ಬೇರೆಯಾಗಿದ್ದರೆ?

ಎಲ್ಲರಿಗೂ ಒಂದೇ ಲೆಕ್ಕ ಅಂತ ನಾನು ಹೇಳುವುದಿಲ್ಲ. ಮನೆಯಲ್ಲೇ ಸೀರೆ, ಕುಚ್ಚು, ಕೇಕು ಅಂತ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವವರು ನೀವಾಗಿದ್ದರೆ ಕ್ಯಾಮೆರಾ ನಿಮ್ಮ ಅಂಗಡಿಯ ಕಿಟಕಿ. ಅದನ್ನು ಬಿಡಬೇಡಿ. ಆದರೆ ಮೆಗಾಪಿಕ್ಸೆಲ್ ನೋಡಿ ಕೊಳ್ಳಬೇಡಿ, ‘ಒಐಎಸ್’ ಇದೆಯೇ ಅಂತ ಕೇಳಿ. ಅದಿದ್ದರೆ ಕೈ ಸ್ವಲ್ಪ ನಡುಗಿದರೂ ಒಳಗಿನ ಲೆನ್ಸು ಸರಿದು ಹೊಂದಿಕೊಳ್ಳುತ್ತದೆ, ಮಬ್ಬು ಬೆಳಕಿನಲ್ಲೂ ಫೋಟೊ ಅದುರುವುದಿಲ್ಲ. ಅದಕ್ಕಾಗಿ ಬೇಗ ಚಾರ್ಜ್ ಆಗೋದು, ಹೊಳೆಯುವ ಬೆನ್ನು, ದೊಡ್ಡ ಬ್ಯಾಟರಿ ಬಿಟ್ಟುಬಿಡಿ. ಸೀರೆಯ ಬಣ್ಣ ಸರಿಯಾಗಿ ಬರಬೇಕಾದರೆ ಬೆಳಗ್ಗೆ ಕಿಟಕಿಯ ಪಕ್ಕ, ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ. ಇದಕ್ಕೆ ಒಂದು ಪೈಸೆಯೂ ಬೇಡ.

ಅತ್ತೆಗೋ ಅಮ್ಮನಿಗೋ ಕೊಡಿಸುವುದಾದರೆ ಲೆಕ್ಕ ಮತ್ತೊಂದು. ಅವರು ಮಾತಾಡುವುದು, ಭಜನೆ ಕೇಳುವುದು, ಮೊಮ್ಮಕ್ಕಳ ಮುಖ ನೋಡುವುದು ಇಷ್ಟೇ. ಚಾರ್ಜ್ ಹಾಕಲು ಮರೆಯುವುದು ಹೆಚ್ಚು. ಅವರಿಗೆ ಬ್ಯಾಟರಿ ಮೊದಲು, ಕ್ಯಾಮೆರಾ ಕೊನೆಗೆ. ಆದರೆ ಕೊಳ್ಳುವ ಮೊದಲು ಅವರ ಕೈಯಲ್ಲೇ ಕೊಟ್ಟು ನೋಡಿ. ಮಣಿಕಟ್ಟು ನೋಯುವಷ್ಟು ಭಾರವಿದ್ದರೆ ಆ ಬ್ಯಾಟರಿ ಯಾರಿಗೆ ಬೇಕು?

ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಎರಡು ದಿನ ನೀವು ಮೊಬೈಲಿನಲ್ಲಿ ಏನೇನು ಮಾಡಿದಿರಿ ಅಂತ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿ. ಎಷ್ಟು ಸಲ ಹಣ ಕಟ್ಟಿದಿರಿ, ಎಷ್ಟು ಫೋಟೊ ತೆಗೆದಿರಿ, ಅದರಲ್ಲಿ ರಾತ್ರಿಯದ್ದೆಷ್ಟು, ಚಾರ್ಜ್ ಮುಗಿದು ಪರದಾಡಿದ್ದು ಎಷ್ಟು ಸಲ. ಓರಗಿತ್ತಿಯ ಪಟ್ಟಿಯಲ್ಲಿ ಹಣ ಕಟ್ಟಿದ್ದು ಹನ್ನೊಂದು ಸಲ, ರಾತ್ರಿ ಫೋಟೊ ಒಂದು, ಚಾರ್ಜ್ ಮುಗಿದದ್ದು ಇಲ್ಲವೇ ಇಲ್ಲ. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ. ಹುಡುಗ ‘ಮೇಡಂ, 108 ಮೆಗಾಪಿಕ್ಸೆಲ್’ ಅಂದಾಗ ಒಮ್ಮೆ ತೆಗೆದು ನೋಡಿಕೊಳ್ಳಿ, ಸಾಕು.